ಕನ್ನಡಕದ ಚೀಟಿಯ ಮೂರನೇ ಸಂಖ್ಯೆ

ಕಣ್ಣು ಪರೀಕ್ಷೆ ಮಾಡಿಸಿಕೊಂಡ ಮೇಲೆ ಕೈಗೆ ಸಿಗುವ ಚೀಟಿಯಲ್ಲಿ ಒಂದೊಂದು ಕಣ್ಣಿಗೂ ಮೂರು ಮನೆಗಳಿರುತ್ತವೆ: ಸ್ಫಿಯರ್, ಸಿಲಿಂಡರ್, ಆಕ್ಸಿಸ್. ಮೊದಲೆರಡು ಮನೆಯ ಸಂಖ್ಯೆಗಳನ್ನು ನಾವು ‘ಪವರ್’ ಎಂದು ಗುರುತಿಸುತ್ತೇವೆ, ಕಳೆದ ವರ್ಷಕ್ಕಿಂತ ಹೆಚ್ಚಿತೋ ಇಳಿಯಿತೋ ಎಂದು ನೋಡುತ್ತೇವೆ. ಮೂರನೆಯದರ ಕಡೆಗೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಅಲ್ಲಿ 63 ಎಂದೋ 170 ಎಂದೋ ಬರೆದಿರುತ್ತದೆ. ಅದು ಪವರ್ ಅಲ್ಲ, ಒಂದು ಕೋನ. ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದವರು ಆ ಕೋನವನ್ನು ಬೇರೆ ಹೆಸರಿನಲ್ಲಿ ಭೇಟಿಯಾಗಿರುತ್ತಾರೆ. ಎರಡನೇ ಘಾತದ ಸಮೀಕರಣದಿಂದ xy ಪದವನ್ನು ತೆಗೆದುಹಾಕಲು ಅಕ್ಷಗಳನ್ನು ಎಷ್ಟು ತಿರುಗಿಸಬೇಕು ಎಂಬ ಲೆಕ್ಕದ ಉತ್ತರವೇ ಅದು.

ಈ ಮಾತು ಹೋಲಿಕೆಗಾಗಿ ಹೇಳಿದ್ದಲ್ಲ. ಒಂದು ಮಸೂರವನ್ನು ಕೈಯಲ್ಲಿ ಹಿಡಿದು ಲೆಕ್ಕ ಮಾಡಿದರೆ ಅಕ್ಷರಶಃ ಅದೇ ಕೋನ ಹೊರಬರುತ್ತದೆ. ಮಾಡಿ ನೋಡೋಣ.

ಮಸೂರದ ಮೇಲೊಂದು ಸಮೀಕರಣ

ಪ್ಲಸ್ ಪವರಿನ ಮಸೂರ ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು. ನಡುಬಿಂದುವನ್ನು ಮೂಲವಾಗಿಟ್ಟುಕೊಂಡು, ಕನ್ನಡಕ ಧರಿಸಿದವರ ಎದುರು ನಿಂತು ನೋಡಿದಾಗ ನಮ್ಮ ಬಲಕ್ಕೆ x ಅಕ್ಷ, ಮೇಲಕ್ಕೆ y ಅಕ್ಷ ಎಂದುಕೊಳ್ಳೋಣ. ಅಳತೆ ಮಿಲಿಮೀಟರಿನಲ್ಲಿ. ಗಾಜಿನ ವಕ್ರೀಭವನ ಸೂಚ್ಯಂಕ 1.5 ಆಗಿದ್ದರೆ ಲೆಕ್ಕ ಬಹಳ ಸರಳ. ನಡುವಿನಿಂದ r ಮಿಲಿಮೀಟರ್ ದೂರ ಸರಿದಾಗ ಮಸೂರ ತೆಳುವಾಗುವುದು, ಆ ದಿಕ್ಕಿನ ಪವರನ್ನು r² ನಿಂದ ಗುಣಿಸಿದಷ್ಟು ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಡುಬಿಂದುವಿನ ಸುತ್ತಮುತ್ತ ಈ ಲೆಕ್ಕವನ್ನು ನಂಬಬಹುದು; ಅಂಚಿನ ಹತ್ತಿರ ಸ್ವಲ್ಪ ತಪ್ಪುತ್ತದೆ.

ಎಲ್ಲ ದಿಕ್ಕಿಗೂ ಪವರ್ ಒಂದೇ ಆಗಿದ್ದರೆ ಸಮಾನ ದಪ್ಪದ ಬಿಂದುಗಳು ವೃತ್ತಗಳಾಗುತ್ತವೆ. ಅಸ್ಟಿಗ್ಮ್ಯಾಟಿಸಂ ಇರುವ ಕಣ್ಣಿಗೆ ಅಂಥ ಮಸೂರ ಸಾಲದು. ಅಂಥ ಕಣ್ಣಿನ ಪಾರದರ್ಶಕ ಪಟಲ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಬಾಗಿರುವುದರಿಂದ, ಮಸೂರವೂ ದಿಕ್ಕಿಗೊಂದು ಪವರ್ ಹೊಂದಿರಬೇಕಾಗುತ್ತದೆ. ಅಂಥ ಒಂದು ಮಸೂರ ತೆಳುವಾಗುವ ಪ್ರಮಾಣ 2.5x² + 2xy + 4y² ಮೈಕ್ರಾನ್ ಎಂದಿಟ್ಟುಕೊಳ್ಳಿ. ಸರಿಯಾಗಿ 18 ಮೈಕ್ರಾನ್ ತೆಳುವಾಗಿರುವ ಬಿಂದುಗಳನ್ನೆಲ್ಲ ಸೇರಿಸಿ ಗೆರೆ ಎಳೆದು, ಸಮೀಕರಣದ ಎರಡೂ ಬದಿಯನ್ನು ಇಮ್ಮಡಿ ಮಾಡಿದರೆ:

5x² + 4xy + 8y² = 36

ಇದು ದೀರ್ಘವೃತ್ತ, ಆದರೆ ಓರೆಯಾಗಿ ಮಲಗಿದ ದೀರ್ಘವೃತ್ತ. ಓರೆ ಎಂದು ನೋಡದೆಯೇ ಹೇಳುವುದು ಹೇಗೆ? ನಡುವಿನ 4xy ಅದನ್ನು ಹೇಳುತ್ತದೆ. ಆ ಪದ ಇಲ್ಲದಿದ್ದರೆ x ಬದಲು −x ಹಾಕಿದರೂ ಸಮೀಕರಣ ಬದಲಾಗುತ್ತಿರಲಿಲ್ಲ. ಎಡ ಬಲ ಎರಡೂ ಕನ್ನಡಿಯ ಬಿಂಬದಂತೆ ಇರುತ್ತಿದ್ದವು. xy ಇದ್ದಾಗ ಆ ಸಮತೆ ಕೆಡುತ್ತದೆ. ಬಲ ಮೇಲ್ಭಾಗದ (1, 1) ಬಿಂದುವಿನಲ್ಲಿ ಮಸೂರ 8.5 ಮೈಕ್ರಾನ್ ತೆಳುವಾಗಿದೆ. ಎಡ ಮೇಲ್ಭಾಗದ (−1, 1) ರಲ್ಲಿ 4.5 ಮೈಕ್ರಾನ್ ಮಾತ್ರ. ನಡುವಿನಿಂದ ಎರಡಕ್ಕೂ ದೂರ ಒಂದೇ, ಆದರೂ ಸುಮಾರು ಇಮ್ಮಡಿಯ ಅಂತರ.

ಈ xy ಪದವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅಡ್ಡ ದಿಕ್ಕಿನ ಪವರ್ 2.50, ಲಂಬ ದಿಕ್ಕಿನದು 4.00. ಈ ಎರಡನ್ನಷ್ಟೇ ಅಳೆದವರು ವ್ಯತ್ಯಾಸ 1.50 ಡಯಾಪ್ಟರ್ ಎಂದುಕೊಳ್ಳುತ್ತಾರೆ. ನಿಜವಾದ ವ್ಯತ್ಯಾಸ 2.50. ಉಳಿದ ಒಂದು ಡಯಾಪ್ಟರ್ xy ಪದದಲ್ಲಿ ಅಡಗಿ ಕೂತಿದೆ. ಅದನ್ನು ಹೊರತೆಗೆಯುವುದೇ ನಮ್ಮ ಕೆಲಸ.

ಹಾಳೆಯನ್ನು ತಿರುಗಿಸುವುದು

ದೀರ್ಘವೃತ್ತವನ್ನು ಮುಟ್ಟುವುದು ಬೇಡ. ಅದರ ಕೆಳಗಿನ ಗ್ರಾಫ್ ಹಾಳೆಯನ್ನು ತಿರುಗಿಸಿದರೆ ಸಾಕು. ಹಳೆಯ ಅಕ್ಷಗಳನ್ನು ಮೂಲಬಿಂದುವಿನಲ್ಲೇ ಹಿಡಿದು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ θ ಕೋನ ತಿರುಗಿಸಿ, ಹೊಸ ಅಕ್ಷಗಳನ್ನು X, Y ಎಂದು ಕರೆದರೆ, ಹಳೆಯ ನಿರ್ದೇಶಾಂಕಗಳು ಹೊಸದರಲ್ಲಿ ಹೀಗಾಗುತ್ತವೆ:

x = X cosθ − Y sinθ
y = X sinθ + Y cosθ

ಇವನ್ನು Ax² + Bxy + Cy² ಎಂಬ ಸಾಮಾನ್ಯ ರೂಪದಲ್ಲಿ ಹಾಕಿ ಬಿಡಿಸಿದಾಗ X², Y², XY ಎಂಬ ಮೂರು ಬಗೆಯ ಪದಗಳು ಬರುತ್ತವೆ. ನಮಗೆ ಬೇಕಾದದ್ದು XY ಯ ಸಹಗುಣಕ ಮಾತ್ರ. ಅದು:

(C − A) sin2θ + B cos2θ

ಇದನ್ನು ಸೊನ್ನೆ ಮಾಡುವ θ ನಿಜಕ್ಕೂ ಇದೆಯೇ? ಸೂತ್ರಕ್ಕೆ ಕೈ ಹಾಕುವ ಮೊದಲೇ ಇದೆ ಎಂದು ಹೇಳಬಹುದು. ತಿರುಗಿಸದೆ ಇದ್ದಾಗ ಸಹಗುಣಕ B. ಪೂರ್ತಿ 90° ತಿರುಗಿಸಿದರೆ ಅಡ್ಡ ಅಕ್ಷ ಲಂಬವಾಗುತ್ತದೆ, ಲಂಬ ಅಕ್ಷ ಎಡಕ್ಕೆ ಮಲಗುತ್ತದೆ. ಆಗ ಸಹಗುಣಕ −B ಆಗುತ್ತದೆ. ನಡುವೆ ಎಲ್ಲೂ ಜಿಗಿಯದೆ B ಯಿಂದ −B ಗೆ ಇಳಿಯಬೇಕಾದರೆ ಸೊನ್ನೆಯನ್ನು ದಾಟಿಯೇ ಇಳಿಯಬೇಕು.

ನಮ್ಮ ಮಸೂರದಲ್ಲಿ ಇದನ್ನು ಹೆಜ್ಜೆ ಹೆಜ್ಜೆಗೂ ಕಾಣಬಹುದು. A = 5, B = 4, C = 8 ಆದ್ದರಿಂದ ಸಹಗುಣಕ 3 sin2θ + 4 cos2θ. ಸೊನ್ನೆ ಡಿಗ್ರಿಯಲ್ಲಿ ಅದು 4. 30° ತಿರುಗಿಸಿದರೆ ಕಡಿಮೆಯಾಗುವ ಬದಲು 4.6 ಕ್ಕೆ ಏರುತ್ತದೆ. 45° ಯಲ್ಲಿ 3 ಕ್ಕೆ, 60° ಯಲ್ಲಿ 0.6 ಕ್ಕೆ ಇಳಿಯುತ್ತದೆ. 65° ಯಲ್ಲಿ −0.27 ಆಗಿ ಸೊನ್ನೆಯ ಆಚೆ ಹೋಗಿರುತ್ತದೆ. ಹಾಗಾದರೆ ನಮ್ಮ ಕೋನ 60 ಮತ್ತು 65 ರ ನಡುವೆ ಇದೆ.

ಸರಿಯಾದ ಬೆಲೆಗೆ ಸಹಗುಣಕವನ್ನು ಸೊನ್ನೆಗೆ ಸಮ ಮಾಡಿದರೆ, ಪಠ್ಯಪುಸ್ತಕದ ಸೂತ್ರ ಬರುತ್ತದೆ:

cot2θ = (A − C) / B

ಇಲ್ಲಿ θ ಬದಲು 2θ ಏಕೆ ಬಂತು ಎಂಬುದಕ್ಕೆ ದೀರ್ಘವೃತ್ತದ ಆಕಾರವೇ ಕಾರಣ. ಅದನ್ನು 180° ತಿರುಗಿಸಿದರೆ ತನ್ನ ಮೊದಲಿನ ಜಾಗದಲ್ಲೇ ಕೂರುತ್ತದೆ, ಪೂರ್ತಿ 360° ಸುತ್ತಬೇಕಿಲ್ಲ. ಅರ್ಧ ಸುತ್ತಿಗೇ ಅದರ ಕಥೆ ಮುಗಿಯುವುದರಿಂದ ಕೋನಗಳೆಲ್ಲ ಇಮ್ಮಡಿಯಾಗಿ ಕಾಣಿಸಿಕೊಳ್ಳುತ್ತವೆ. ಕನ್ನಡಕದ ಚೀಟಿಯಲ್ಲಿ ಆಕ್ಸಿಸ್ ಎಂದೂ 180 ನ್ನು ಮೀರದಿರುವುದಕ್ಕೂ ಇದೇ ಕಾರಣ.

ಲೆಕ್ಕ ಮುಗಿಸೋಣ

ನಮ್ಮ ಸಮೀಕರಣಕ್ಕೆ cot2θ = −3/4. ಇದರ ಹಿಂದೆ 3, 4, 5 ರ ಪರಿಚಿತ ತ್ರಿಭುಜವಿದೆ, ಹಾಗಾಗಿ cos2θ = −3/5. ಕೋನವನ್ನು ಡಿಗ್ರಿಯಲ್ಲಿ ಹುಡುಕುವ ಅಗತ್ಯವೇ ಇಲ್ಲ. cos²θ ಎಂದರೆ (1 + cos2θ)/2, ಅದು 1/5. ಉಳಿದ 4/5 sin²θ ಪಾಲಿಗೆ. ಹಾಗಾಗಿ cosθ = 1/√5, sinθ = 2/√5. ಹೊಸ X ಅಕ್ಷ y = 2x ಎಂಬ ಗೆರೆಯ ಮೇಲೆ ಬೀಳುತ್ತದೆ. ಡಿಗ್ರಿಯಲ್ಲಿ ಬೇಕೆಂದರೆ 63.43.

ಈಗ x = (X − 2Y)/√5, y = (2X + Y)/√5 ಎಂದು ಸಮೀಕರಣದಲ್ಲಿ ಹಾಕೋಣ. ಪ್ರತಿ ಪದವನ್ನೂ ಬಿಡಿಸಿ, 5 ರಿಂದ ಭಾಗಿಸುವುದನ್ನು ಕೊನೆಗೆ ಉಳಿಸಿಕೊಂಡರೆ:

5x² ಕೊಡುವುದು: 5X² − 20XY + 20Y²
4xy ಕೊಡುವುದು: 8X² − 12XY − 8Y²
8y² ಕೊಡುವುದು: 32X² + 32XY + 8Y²

ಮೂರನ್ನೂ ಕೂಡಿದಾಗ XY ಯ −20, −12, +32 ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು 45X² + 20Y². ಐದರಿಂದ ಭಾಗಿಸಿದರೆ:

9X² + 4Y² = 36

ಓರೆ ಹೋಯಿತು. ಹೊಸ X ದಿಕ್ಕಿನಲ್ಲಿ ನಡುವಿನಿಂದ 2 ಮಿಲಿಮೀಟರ್, Y ದಿಕ್ಕಿನಲ್ಲಿ 3 ಮಿಲಿಮೀಟರ್ ಚಾಚಿದ ದೀರ್ಘವೃತ್ತ ನೇರವಾಗಿ ಎದುರು ನಿಂತಿದೆ. ಮೊದಲು ಇಮ್ಮಡಿ ಮಾಡಿದ್ದನ್ನು ನೆನಪಿಟ್ಟುಕೊಂಡು 9 ಮತ್ತು 4 ನ್ನು ಅರ್ಧ ಮಾಡಿದರೆ, 63° ದಿಕ್ಕಿನಲ್ಲಿ ಪವರ್ +4.50, ಅದಕ್ಕೆ ಲಂಬವಾದ 153° ದಿಕ್ಕಿನಲ್ಲಿ +2.00. ಚೀಟಿಯಲ್ಲಿ ಇದನ್ನೇ ಹೀಗೆ ಬರೆಯುತ್ತಾರೆ: ಸ್ಫಿಯರ್ +4.50, ಸಿಲಿಂಡರ್ −2.50, ಆಕ್ಸಿಸ್ 63. ಅಂದರೆ 63° ಗೆರೆಯ ಮೇಲೆ 4.50 ಪೂರ್ತಿ ಇದೆ. ಅದಕ್ಕೆ ಅಡ್ಡವಾಗಿ ಹೋದರೆ 2.50 ಕಡಿಮೆಯಾಗುತ್ತದೆ. 63.43 ರ ದಶಮಾಂಶವನ್ನು ಚೀಟಿಯಲ್ಲಿ ಬಿಡುತ್ತಾರೆ, ಅಷ್ಟರಿಂದ ನೋಟಕ್ಕೆ ತೊಂದರೆಯಿಲ್ಲ.

ಒಂದೇ ಮಸೂರ, ಎರಡು ಬರಹ

ಇದೇ ಮಸೂರಕ್ಕೆ ಇನ್ನೊಬ್ಬರು ‘ಸ್ಫಿಯರ್ +2.00, ಸಿಲಿಂಡರ್ +2.50, ಆಕ್ಸಿಸ್ 153’ ಎಂದು ಬರೆದುಕೊಡಬಹುದು. ಚೀಟಿ ಬದಲಾಯಿತು, ಯಾರೋ ತಪ್ಪಿದ್ದಾರೆ ಎಂದು ಗಾಬರಿಯಾಗುವುದು ಸಹಜ. ಆದರೆ ಎರಡೂ ಒಂದೇ. ಮೊದಲನೆಯವರು ದೊಡ್ಡ ಪವರಿನಿಂದ ಹೊರಟು ಕಳೆದರು, ಎರಡನೆಯವರು ಚಿಕ್ಕದರಿಂದ ಹೊರಟು ಕೂಡಿದರು. ಗಣಿತದಲ್ಲೂ ಹೀಗೆಯೇ. ಕ್ಯಾಲ್ಕುಲೇಟರಿನಲ್ಲಿ tan2θ = −4/3 ಎಂದು ಕೊಟ್ಟರೆ ಅದು 2θ ಗೆ −53.13° ತೋರಿಸುತ್ತದೆ, θ ಆಗುವುದು −26.57°. ಇದಕ್ಕೆ 180 ಕೂಡಿದರೆ 153.43. ಆ ಕೋನದಲ್ಲೂ xy ಹೋಗುತ್ತದೆ, ಆದರೆ ಸಮೀಕರಣ 4X² + 9Y² = 36 ಆಗುತ್ತದೆ. ಎರಡೂ ದಾರಿ ಸರಿ.

ತಪ್ಪಾಗುವುದು ಎರಡನ್ನೂ ಬೆರೆಸಿದಾಗ. ಕೋನ ಒಂದು ದಾರಿಯದು, ಸಹಗುಣಕಗಳು ಇನ್ನೊಂದರದು ಆದರೆ ದೀರ್ಘವೃತ್ತ 90° ತಪ್ಪಿ ನಿಲ್ಲುತ್ತದೆ. ಈ ತಪ್ಪು ಹಿಡಿಯುವುದು ಕಷ್ಟ, ಏಕೆಂದರೆ ಲೆಕ್ಕ ಸರಿಯಿದೆಯೇ ಎಂದು ನೋಡಲು ವಿದ್ಯಾರ್ಥಿಗಳು ಬಳಸುವ ಎರಡು ಪರೀಕ್ಷೆಗಳಿಂದಲೂ ಅದು ತಪ್ಪಿಸಿಕೊಳ್ಳುತ್ತದೆ. ಅಕ್ಷಗಳನ್ನು ಎಷ್ಟೇ ತಿರುಗಿಸಿದರೂ A + C ಬದಲಾಗುವುದಿಲ್ಲ ಎಂಬುದು ಮೊದಲ ಪರೀಕ್ಷೆ: 5 + 8 = 13, 9 + 4 = 13. B² − 4AC ಬದಲಾಗುವುದಿಲ್ಲ ಎಂಬುದು ಎರಡನೆಯದು: 16 − 160 = −144, ಹಾಗೆಯೇ 0 − 144 = −144. ಈ ಸಂಖ್ಯೆ ಸೊನ್ನೆಗಿಂತ ಕಡಿಮೆ ಇರುವುದರಿಂದಲೇ ನಮ್ಮದು ದೀರ್ಘವೃತ್ತ ಎಂದು ಮೊದಲೇ ಹೇಳಲು ಸಾಧ್ಯವಾದದ್ದು. ಆದರೆ 9 ಮತ್ತು 4 ಅದಲುಬದಲಾದರೂ ಈ ಎರಡೂ ಹಾಗೆಯೇ ಉಳಿಯುತ್ತವೆ.

ಅದಕ್ಕೆ ಮೂರನೇ ಪರೀಕ್ಷೆ ಬೇಕು: ಒಂದು ಬಿಂದುವನ್ನು ತೆಗೆದುಕೊಂಡು ಹಳೆಯ ಸಮೀಕರಣದಲ್ಲಿ ಹಾಕಿ ನೋಡುವುದು. ದೀರ್ಘವೃತ್ತದ ಗಿಡ್ಡ ತುದಿ X = 2, Y = 0. ಹಳೆಯ ಲೆಕ್ಕದಲ್ಲಿ ಅದು x = 2/√5, y = 4/√5. ಮೂಲ ಸಮೀಕರಣದಲ್ಲಿ ಹಾಕಿದರೆ 4 + 6.4 + 25.6, ಕೂಡಿದರೆ ಸರಿಯಾಗಿ 36. ಈಗ ನಿಶ್ಚಿಂತೆ.

45 ಡಿಗ್ರಿಯ ಗುಟ್ಟು

A ಮತ್ತು C ಸಮವಾಗಿದ್ದರೆ cot2θ ಸೊನ್ನೆ, ಕೋನ ಯಾವಾಗಲೂ 45°. ಇದರ ಅತಿ ಸರಳ ರೂಪ ವರ್ಗಪದಗಳೇ ಇಲ್ಲದ, ಬರಿಯ xy ಇರುವ ಸಮೀಕರಣ. ಬೆಂಗಳೂರಿನವರಿಗೆ ಚಿರಪರಿಚಿತವಾದ ‘ಥರ್ಟಿ ಫಾರ್ಟಿ’ ಸೈಟನ್ನೇ ತೆಗೆದುಕೊಳ್ಳಿ. ಅಗಲ x ಅಡಿ, ಉದ್ದ y ಅಡಿ, ವಿಸ್ತೀರ್ಣ 1200 ಚದರಡಿ, ಅಂದರೆ xy = 1200. ಇದೇ ವಿಸ್ತೀರ್ಣದ ಎಲ್ಲ ಆಯತಗಳೂ ಒಂದು ಅತಿಪರವಲಯದ ಮೇಲೆ ಕೂರುತ್ತವೆ. 45° ತಿರುಗಿಸಿದರೆ X = (x + y)/√2, Y = (y − x)/√2 ಆಗಿ, ಸಮೀಕರಣ X² − Y² = 2400 ಆಗುತ್ತದೆ. ಹೊಸ ಅಕ್ಷಗಳಲ್ಲಿ ಒಂದು ಅಳೆಯುವುದು ಉದ್ದ ಅಗಲಗಳ ಮೊತ್ತವನ್ನು, ಇನ್ನೊಂದು ವ್ಯತ್ಯಾಸವನ್ನು. ವ್ಯತ್ಯಾಸ ಸೊನ್ನೆಯಾದಾಗ ಮೊತ್ತ ಅತಿ ಕಡಿಮೆ ಎಂದು ಈಗ ನೋಡಿದೊಡನೆ ತಿಳಿಯುತ್ತದೆ. 20×60 ಸೈಟಿಗೆ ಸುತ್ತ ಬೇಲಿ ಹಾಕಲು 160 ಅಡಿ ಬೇಕು, 30×40 ಕ್ಕೆ 140 ಅಡಿ, ಅಷ್ಟೇ ವಿಸ್ತೀರ್ಣದ ಚೌಕಕ್ಕೆ 138.6 ಅಡಿ. ಮೊತ್ತ ಮತ್ತು ವ್ಯತ್ಯಾಸ ತಿಳಿದಿದ್ದರೆ ಎರಡು ಸಂಖ್ಯೆಗಳನ್ನು ಹುಡುಕುವ ಈ ಲೆಕ್ಕವನ್ನು ಭಾಸ್ಕರಾಚಾರ್ಯರು 1150 ರ ‘ಲೀಲಾವತಿ’ಯಲ್ಲಿ ಸಂಕ್ರಮಣ ಎಂಬ ಹೆಸರಿನಲ್ಲಿ ಕಲಿಸುತ್ತಾರೆ.

ಇದರಿಂದ ತಿಳಿಯಬೇಕಾದದ್ದು ಇಷ್ಟು: xy ಎಂಬ ಪದ ಬೇರೇನಲ್ಲ, 45° ಓರೆಯಲ್ಲಿ ನಿಂತ ಎರಡು ವರ್ಗಗಳ ವ್ಯತ್ಯಾಸ. ಒಂದು ಓರೆಯಲ್ಲಿ ಕೂಡುತ್ತದೆ, ಅದಕ್ಕೆ ಅಡ್ಡವಾದ ಓರೆಯಲ್ಲಿ ಅಷ್ಟನ್ನೇ ಕಳೆಯುತ್ತದೆ.

ಕಣ್ಣಿನ ಪರೀಕ್ಷೆಯ ಕೋಣೆಯಲ್ಲಿ ಈ xy ಪದವನ್ನು ಕೈಯಲ್ಲೇ ಹಿಡಿಯಬಹುದು. ಅಮೆರಿಕದ ನೇತ್ರವೈದ್ಯ ಎಡ್ವರ್ಡ್ ಜಾಕ್ಸನ್ ಬಳಕೆಗೆ ತಂದ ಕ್ರಾಸ್ ಸಿಲಿಂಡರ್ ಎಂಬ ಪುಟ್ಟ ಮಸೂರವೇ ಅದು. ಒಂದು ದಿಕ್ಕಿನಲ್ಲಿ +0.25, ಅದಕ್ಕೆ ಲಂಬವಾಗಿ −0.25, ಇವೆರಡಕ್ಕೂ 45° ಓರೆಯಲ್ಲಿ ಒಂದು ಹಿಡಿ. ಪರೀಕ್ಷಿಸುವವರು ಅಂದಾಜಿನ ಸಿಲಿಂಡರ್ ಮಸೂರವನ್ನು ಕಣ್ಣ ಮುಂದಿಟ್ಟು, ಅದರ ಆಕ್ಸಿಸ್ ಗೆರೆಯ ಮೇಲೆ ಈ ಹಿಡಿ ಬರುವಂತೆ ಹಿಡಿಯುತ್ತಾರೆ. ಆಗ ಕ್ರಾಸ್ ಸಿಲಿಂಡರ್ ಕೂಡಿಸುವುದು ಬರಿಯ XY ಪದವನ್ನು. ಹಿಡಿಯನ್ನು ಬೆರಳಲ್ಲಿ ತಿರುವಿದರೆ ಅದೇ ಪದ ಚಿಹ್ನೆ ಬದಲಿಸುತ್ತದೆ. ‘ಮೊದಲನೆಯದು ಚೆನ್ನಾಗಿ ಕಾಣುತ್ತೋ, ಎರಡನೆಯದೋ?’ ಎಂಬ ಪ್ರಶ್ನೆ ಬರುವುದು ಆಗಲೇ. ಒಂದು ಸ್ಪಷ್ಟ, ಇನ್ನೊಂದು ಮಸುಕು ಎಂದರೆ XY ಇನ್ನೂ ಉಳಿದಿದೆ. ಆಕ್ಸಿಸನ್ನು ಸ್ವಲ್ಪ ತಿರುಗಿಸಬೇಕು. ‘ಎರಡೂ ಒಂದೇ ಥರ ಮಸುಕು’ ಎಂದು ನೀವು ಹೇಳಿದ ಗಳಿಗೆ ಆ ಸಹಗುಣಕ ಸೊನ್ನೆಯಾದ ಗಳಿಗೆ. ಉತ್ತರ ಗೊತ್ತಾಗುತ್ತಿಲ್ಲವಲ್ಲ ಎಂದು ಸಂಕೋಚಪಡಬೇಕಿಲ್ಲ, ಅದೇ ಅವರಿಗೆ ಬೇಕಾದ ಉತ್ತರ.

ತಿರುಗಿಸುವುದರಿಂದ ಆಗದ್ದು

ಸಮೀಕರಣದಲ್ಲಿ x, y ಗಳ ಮೊದಲ ಘಾತದ ಪದಗಳೂ ಇರಬಹುದು. ತಿರುಗಿಸುವುದರಿಂದ ಅವು ಸಾಮಾನ್ಯವಾಗಿ ಹೋಗುವುದಿಲ್ಲ, ಬೆಲೆ ಬದಲಿಸಿಕೊಂಡು ಉಳಿಯುತ್ತವೆ. ಅವು ಹೇಳುವುದು ಓರೆಯನ್ನಲ್ಲ, ಕೇಂದ್ರ ಬೇರೆಡೆ ಇದೆ ಎಂಬುದನ್ನು. ಅದಕ್ಕೆ ಮದ್ದು ಮೂಲಬಿಂದುವನ್ನು ಸರಿಸುವುದು. ಕನ್ನಡಕದಂಗಡಿಯಲ್ಲಿ ಎರಡು ಪಾಪೆಗಳ ನಡುವಿನ ಅಂತರ ಅಳೆದು ಮಸೂರದ ಕೇಂದ್ರವನ್ನು ಪಾಪೆಯ ನೇರಕ್ಕೆ ಕೂರಿಸುವುದು ಈ ಎರಡನೇ ಕೆಲಸ. ಆಕ್ಸಿಸ್ ಎಷ್ಟೇ ಸರಿಯಿದ್ದರೂ ಕೇಂದ್ರ ಸರಿದಿದ್ದರೆ ತಲೆನೋವು ತಪ್ಪುವುದಿಲ್ಲ. ಇನ್ನೊಂದು ಮಿತಿಯೂ ಇದೆ. x ಮತ್ತು y ಒಂದೇ ಮಾನದಲ್ಲಿರಬೇಕು. ಎರಡೂ ಅಡಿ, ಎರಡೂ ಮಿಲಿಮೀಟರ್ ಆದರೆ ಸರಿ. ಒಂದು ಒತ್ತಡ, ಇನ್ನೊಂದು ಗಾತ್ರ ಆದರೆ ತಿರುಗಿಸಿದ ಅಕ್ಷಕ್ಕೆ ಅರ್ಥವೇ ಇರುವುದಿಲ್ಲ.

ಗಣಿತದ ಈ ಭಾಗ ಅಸ್ಟಿಗ್ಮ್ಯಾಟಿಸಮ್ಮಿನ ಅರಿವಿಗಿಂತ ಹಳೆಯದು. ವಕ್ರರೇಖೆಗಳನ್ನು ಸಮೀಕರಣಗಳಾಗಿ ಬರೆಯುವುದನ್ನು ಡೆಕಾರ್ಟೆ 1637 ರಲ್ಲಿ ತೋರಿಸಿದ. ಎರಡನೇ ಘಾತದ ಸಾಮಾನ್ಯ ಸಮೀಕರಣದಿಂದಲೇ ಹೊರಟು ಆ ವಕ್ರರೇಖೆಗಳನ್ನೆಲ್ಲ ವಿಂಗಡಿಸಿದ ಆಯ್ಲರನ ಗ್ರಂಥ 1748 ರಲ್ಲಿ ಬಂತು. ಥಾಮಸ್ ಯಂಗ್ ತನ್ನದೇ ಕಣ್ಣಿನ ಅಸ್ಟಿಗ್ಮ್ಯಾಟಿಸಮ್ಮನ್ನು 1801 ರಲ್ಲಿ ವಿವರಿಸಿದ. 1825 ರಲ್ಲಿ ಕೇಂಬ್ರಿಜಿನ ಜಾರ್ಜ್ ಏರಿ ತನ್ನ ಎಡಗಣ್ಣಿನ ದೋಷವನ್ನು ತಾನೇ ಅಳೆದು, ಒಂದು ಬದಿ ಗೋಳದಂತೆ, ಇನ್ನೊಂದು ಬದಿ ಸಿಲಿಂಡರಿನಂತೆ ಇರುವ ಮಸೂರದ ಲೆಕ್ಕ ಹಾಕಿ, ಇಪ್ಸ್‌ವಿಚ್ಚಿನ ಕುಶಲಕರ್ಮಿಯೊಬ್ಬನಿಂದ ಮಾಡಿಸಿಕೊಂಡ. ಏರಿ ಗಣಿತಜ್ಞನೂ ಆಗಿದ್ದ.

ಕೋನ ತಪ್ಪಿದರೆ ಎಷ್ಟು ನಷ್ಟ ಎಂಬುದಕ್ಕೂ ಲೆಕ್ಕವಿದೆ. ಸಿಲಿಂಡರ್ ಪವರಿನ ಇಮ್ಮಡಿಯನ್ನು, ತಪ್ಪಿದ ಕೋನದ ಸೈನ್‌ನಿಂದ ಗುಣಿಸಿದಷ್ಟು ಅಸ್ಟಿಗ್ಮ್ಯಾಟಿಸಂ ಕಣ್ಣಿಗೆ ಉಳಿದುಬಿಡುತ್ತದೆ. ನಮ್ಮ 2.50 ಡಯಾಪ್ಟರಿನ ಮಸೂರ 5° ತಿರುಗಿದರೆ ಉಳಿಯುವುದು 0.44 ಡಯಾಪ್ಟರ್. ಚೀಟಿಗಳಲ್ಲಿ ಪವರ್ ಏರುವುದು ಇಳಿಯುವುದು 0.25 ರ ಹೆಜ್ಜೆಯಲ್ಲಿ. ಇದು ಹೆಚ್ಚುಕಡಿಮೆ ಎರಡು ಹೆಜ್ಜೆ. 30° ತಿರುಗಿದರೆ ಪೂರ್ತಿ 2.50 ಉಳಿಯುತ್ತದೆ, ಸಿಲಿಂಡರ್ ಹಾಕಿಸಿಕೊಂಡದ್ದೇ ವ್ಯರ್ಥ.

ಹಾಗಾಗಿ ನಿಮ್ಮ ಚೀಟಿಯಲ್ಲಿ ಸಿಲಿಂಡರ್ ಮನೆಯಲ್ಲಿ ಸಂಖ್ಯೆ ಇದ್ದು, ಫ್ರೇಮ್ ಪೂರ್ತಿ ದುಂಡಗಿದ್ದರೆ ಸ್ವಲ್ಪ ಎಚ್ಚರ ಬೇಕು. ದುಂಡು ಫ್ರೇಮಿನ ಸ್ಕ್ರೂ ಸಡಿಲವಾದರೆ ಒರೆಸುವಾಗಲೇ ಮಸೂರ ಒಳಗೊಳಗೇ ತಿರುಗಿಬಿಡಬಹುದು, ಹೊರಗೆ ಏನೂ ಕಾಣುವುದಿಲ್ಲ. ಅಕ್ಷರಗಳು ಇದ್ದಕ್ಕಿದ್ದಂತೆ ಒಂದು ಬದಿಗೆ ಹರಡಿಕೊಂಡಂತೆ ಕಂಡರೆ, ಹೊಸ ಕನ್ನಡಕಕ್ಕೆ ದುಡ್ಡು ಕೊಡುವ ಮೊದಲು ಹಳೆಯದನ್ನು ಅಂಗಡಿಗೆ ಒಯ್ದು, ಚೀಟಿಯ ಮೂರನೇ ಸಂಖ್ಯೆಗೂ ಮಸೂರಕ್ಕೂ ತಾಳೆ ಇದೆಯೇ ಎಂದು ಅಳೆಸಿ ನೋಡಿ.